ಪಕ್ಕದವರ ಬಿಳಿ ಶರ್ಟಿಂದ ಬಿಸಿಲು ಅಳೆದು, ಬರದೇ ಇದ್ದವನನ್ನ ಗ್ರೂಪ್ ಫೋಟೋಗೆ ಸೇರಿಸಿದ ನನ್ನ ಅನುಭವ

ಗ್ರೂಪ್ ಫೋಟೋಗೆ ಒಬ್ಬರನ್ನ ಕಟ್ ಮಾಡಿ ಅಂಟಿಸೋದು ಈಗ ಯಾರಿಗೂ ಕಷ್ಟ ಅಲ್ಲ, ಮಾಸ್ಕ್ ಒಂದೇ ಕ್ಲಿಕ್ಕಲ್ಲಿ ಬರತ್ತೆ, ಕಲರ್ ಮ್ಯಾಚ್ ಮಾಡೋಕೂ ಬಟನ್ ಇದೆ. ಆದ್ರೂ ಅಂಟಿಸಿದವರು ಅಂಟಿಸಿದಂಗೇ ಕಾಣ್ತಾರೆ, ಯಾಕಂದ್ರೆ ಕರ್ವ್ಸ್ ಎಳೆದ್ರೆ ಇಡೀ ಮನುಷ್ಯ ಒಟ್ಟಿಗೆ ಬೆಳ್ಳಗೋ ಕಪ್ಪಗೋ ಆಗ್ತಾನೆ ಅಷ್ಟೇ, ಎಡಗೆನ್ನೆ ಮೇಲೆ ಬಿಸಿಲು ಬಲಗೆನ್ನೆ ಮೇಲೆ ನೆರಳು ಅನ್ನೋದು ಕರ್ವ್ಸ್‌ಗೆ ಗೊತ್ತಾಗಲ್ಲ. ಅದು ಗೊತ್ತಾಗಬೇಕಂದ್ರೆ ಪ್ರತಿ ಪಿಕ್ಸೆಲ್ ಯಾವ ಕಡೆ ಮುಖ ಮಾಡಿದೆ ಅಂತ ಹೇಳೋ ನಾರ್ಮಲ್ ಮ್ಯಾಪ್ ಬೇಕು, ಯಾರು ಎಷ್ಟು ದೂರದಲ್ಲಿ ನಿಂತಿದಾರೆ ಅಂತ ಹೇಳೋ ಡೆಪ್ತ್ ಮ್ಯಾಪ್ ಬೇಕು.

ನನ್ನ ಹತ್ರ ಬಂದಿದ್ದು ಮಲೆನಾಡಿನ ಒಂದು ಮನೆಯ ಫೋಟೋ, ಅಜ್ಜನ ಸಹಸ್ರಚಂದ್ರ ದರ್ಶನ ಶಾಂತಿ ಮುಗಿದ ಮೇಲೆ ಸಂಜೆ ಬಿಸಿಲಲ್ಲಿ ಅಂಗಳದಲ್ಲಿ ತೆಗೆದದ್ದು. ಮುಂದೆ ಕುರ್ಚಿ ಮೇಲೆ ಹಿರಿಯರು, ಹಿಂದೆ ಒಂದು ಸಾಲು ನಿಂತವರು, ಗಂಡಸರೆಲ್ಲ ಬಿಳಿ ಶರ್ಟು ಬಿಳಿ ಪಂಚೆ. ಹೊರದೇಶದಲ್ಲಿರೋ ಮೊಮ್ಮಗ ಬರೋಕಾಗಿರಲಿಲ್ಲ, ಅವನೇ ಬಿಳಿ ಕುರ್ತಾ ಹಾಕ್ಕೊಂಡು ಮೋಡದ ದಿನ ಹೊರಗೆ ನಿಂತು ಒಂದು ಫೋಟೋ ತೆಗೆಸಿ ಕಳಿಸಿದ್ದ. ಬರೀ ಕಲರ್ ಮ್ಯಾಚ್ ಮಾಡಿದ ಒಂದು ಸ್ಯಾಂಪಲ್ ತೋರಿಸಿದಾಗ ಮನೆಯ ದೊಡ್ಡಮ್ಮ ಹೇಳಿದ್ರು, "ಮುಖ ಚೆನ್ನಾಗೇ ಬಂದಿದೆ ಕಣಪ್ಪಾ, ಆದ್ರೆ ಇವನೊಬ್ಬ ಟ್ಯೂಬ್‌ಲೈಟ್ ಕೆಳಗೆ ನಿಂತಂಗೆ ಕಾಣ್ತಾನಲ್ಲ." ಸರಿಯಾಗೇ ಹೇಳಿದ್ರು, ಮೋಡದ ಬೆಳಕು ಅಂದ್ರೆ ಅದೇ ತಾನೆ, ಮೇಲಿಂದ ಎಲ್ಲಾ ಕಡೆಯಿಂದ ಸಮ.

ಹೆಚ್ಚಿನವರು ಇಲ್ಲಿ ಮಾಡೋದು ಏನಂದ್ರೆ ನಾರ್ಮಲ್ ಮ್ಯಾಪ್ ತೆಗೆದು, ಬೆಳಕಿನ ದಿಕ್ಕಿಗೊಂದು ಸ್ಲೈಡರ್ ಇಟ್ಟು, ಕಣ್ಣಿಗೆ ಸರಿ ಅನ್ಸೋವರೆಗೂ ತಿರುಗಿಸ್ತಾ ಕೂರೋದು. ನನಗೆ ಅದು ಇಷ್ಟ ಇಲ್ಲ, ಅರ್ಧ ಗಂಟೆ ನೋಡ್ತಾ ಕೂತ್ರೆ ಯಾವ ದಿಕ್ಕಾದ್ರೂ ಸರಿ ಅನ್ನಿಸೋಕೆ ಶುರು ಆಗತ್ತೆ. ಬೆಳಕು ಎಲ್ಲಿಂದ ಬರ್ತಿದೆ ಅಂತ ಫೋಟೋದಲ್ಲೇ ಬರೆದಿದೆಯಲ್ಲ, ಪಕ್ಕದಲ್ಲಿ ನಿಂತ ಚಿಕ್ಕಪ್ಪನ ಬಿಳಿ ಶರ್ಟ್ ಮೇಲೆ. ಬಟ್ಟೆಯ ಬಣ್ಣ ಎಲ್ಲಾ ಕಡೆ ಒಂದೇ, ಹಾಗಾಗಿ ಒಂದು ಜಾಗ ಬೆಳ್ಳಗೆ ಇನ್ನೊಂದು ಜಾಗ ಮಬ್ಬಾಗಿ ಕಂಡ್ರೆ ಅದು ಬಹುಪಾಲು ಆ ಜಾಗ ತಿರುಗಿರೋ ದಿಕ್ಕಿಂದ. ದಿಕ್ಕು ನಾರ್ಮಲ್ ಮ್ಯಾಪಲ್ಲಿದೆ, ಹೊಳಪು ಫೋಟೋದಲ್ಲಿದೆ, ಎರಡೂ ಗೊತ್ತಿದ್ರೆ ಬೆಳಕನ್ನ ಲೆಕ್ಕ ಹಾಕಿ ತೆಗೀಬಹುದು. ಅಂದ್ರೆ ನಾರ್ಮಲ್ ಮ್ಯಾಪ್ ಅಂಟಿಸೋನಿಗೆ ಮಾತ್ರ ಅಲ್ಲ, ಮೊದಲೇ ಫೋಟೋದಲ್ಲಿ ಇರೋರಿಗೂ ತೆಗೀಬೇಕು.

ನಾರ್ಮಲ್‌ಗೆ ನಾನು ಬಳಸಿದ್ದು ಮನುಷ್ಯರ ಮೇಲೇ ಟ್ರೈನ್ ಆಗಿರೋ ಸೇಪಿಯನ್ಸ್ ಮಾಡೆಲ್, ಡೆಪ್ತ್‌ಗೆ ಡೆಪ್ತ್ ಎನಿಥಿಂಗ್ ವಿ2. ಡೆಪ್ತ್ ಇದ್ರೆ ಅದರಿಂದಲೇ ನಾರ್ಮಲ್ ತೆಗೀಬಹುದಲ್ಲ ಅಂತ ಕೇಳ್ತಾರೆ, ತೆಗೀಬಹುದು, ಆದ್ರೆ ಇಡೀ ಅಂಗಳದ ಡೆಪ್ತಲ್ಲಿ ಒಂದು ಮೂಗಿಗೆ ಸಿಗೋ ಪಾಲು ಕೂದಲೆಳೆಯಷ್ಟು, ಅದರ ಇಳಿಜಾರು ಲೆಕ್ಕ ಹಾಕಿದ್ರೆ ಬರೀ ನಾಯ್ಸ್ ಬರತ್ತೆ.

ನಾರ್ಮಲ್ ಮ್ಯಾಪನ್ನ ಫೋಟೋ ಥರ ಓಪನ್ ಮಾಡಬಾರದು. ಅದು ಬಣ್ಣ ಅಲ್ಲ, ಡೇಟಾ. ಕೆಂಪು ಚಾನೆಲ್ ಬಲ-ಎಡ, ಹಸಿರು ಮೇಲೆ-ಕೆಳಗೆ, ನೀಲಿ ಕ್ಯಾಮೆರಾ ಕಡೆ. 0ಯಿಂದ 1ರ ಬೆಲೆಯನ್ನ 2ರಿಂದ ಗುಣಿಸಿ 1 ಕಳೆದ್ರೆ ದಿಕ್ಕು ಸಿಗತ್ತೆ. ಸಾಫ್ಟ್‌ವೇರ್ ಅದಕ್ಕೆ ಕಲರ್ ಪ್ರೊಫೈಲ್ ಹಚ್ಚಿಬಿಟ್ರೆ 0ಯಿಂದ 255ರ ಲೆಕ್ಕದಲ್ಲಿ ನಡುವಿನ 128 ಅನ್ನೋದು ಬೇರೆ ಅಂಕಿ ಆಗಿ ಎಲ್ಲಾ ಮೇಲ್ಮೈನೂ ಒಂದು ಕಡೆ ವಾಲತ್ತೆ. ಸೇವ್ ಮಾಡೋದೂ 16 ಬಿಟ್‌ನಲ್ಲಿ, 8 ಬಿಟ್ಟಾದ್ರೆ ಬಿಳಿ ಕುರ್ತಾ ಮೇಲೆ ಪಟ್ಟೆ ಪಟ್ಟೆ ಏಳತ್ತೆ. ಫೋಟೋನ ಮಾತ್ರ ಲೀನಿಯರ್‌ಗೆ, ಅಂದ್ರೆ ಬೆಳಕು ಎರಡರಷ್ಟಾದ್ರೆ ಅಂಕಿನೂ ಎರಡರಷ್ಟಾಗೋ ರೂಪಕ್ಕೆ ತರಬೇಕು, ಬೆಳಕಿನ ಗುಣಾಕಾರ ಗಾಮಾ ಹಚ್ಚಿದ ಅಂಕಿಗಳ ಮೇಲೆ ನಡೆಯಲ್ಲ.

ಆಮೇಲೆ ಬಿಳಿ ಶರ್ಟುಗಳ ಮೇಲೆ ಮಾಸ್ಕ್ ಹಾಕ್ದೆ. ಸುಟ್ಟುಹೋದ ಹೈಲೈಟ್ ಬಿಟ್ಟೆ, ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬಿದ್ದಿರೋ ಜಾಗ ಬಿಟ್ಟೆ, ರೇಷ್ಮೆ ಸೀರೆ ಜರಿ ಹತ್ರ ಹೋಗಲೇ ಇಲ್ಲ, ಅದು ಹೊಳೆಯೋದು ನೋಡೋ ಕೋನದ ಮೇಲೆ ನಿಂತಿರತ್ತೆ, ಈ ಲೆಕ್ಕಕ್ಕೆ ಬಗ್ಗಲ್ಲ. ಲೆಕ್ಕ ಇಷ್ಟೇ:

```python
def cols(n): return np.c_[np.ones(len(n)), n]
k_new = np.linalg.lstsq(cols(n_scene), rgb_scene, rcond=None)[0]
k_old = np.linalg.lstsq(cols(n_kurta), rgb_kurta, rcond=None)[0]

def shade(n, k): return np.maximum(cols(n.reshape(-1, 3)) @ k, 0.05).reshape(n.shape)
ratio = shade(N, k_new) / shade(N, k_old)
out = person * np.clip(ratio, 0.3, 3.0)
```

`n_scene` ಅಂದ್ರೆ ಶರ್ಟ್ ಪಿಕ್ಸೆಲ್‌ಗಳ ನಾರ್ಮಲ್, `rgb_scene` ಅದೇ ಪಿಕ್ಸೆಲ್‌ಗಳ ಲೀನಿಯರ್ ಬಣ್ಣ, `N` ಮೊಮ್ಮಗನ ಪೂರ್ತಿ ನಾರ್ಮಲ್ ಮ್ಯಾಪ್, `person` ಅವನ ಲೀನಿಯರ್ ಫೋಟೋ. ಪ್ರತಿ ಬಣ್ಣಕ್ಕೆ ನಾಲ್ಕು ಅಂಕಿ ಬರತ್ತೆ, ಮೊದಲನೆಯದು ಎಲ್ಲಾ ಕಡೆಯಿಂದ ಬರೋ ಬೆಳಕು, ಉಳಿದ ಮೂರು ದಿಕ್ಕು. ಅವನ ಕುರ್ತಾ ಮೇಲೂ ಇದೇ ಲೆಕ್ಕ ಮಾಡೋದು ಯಾಕಂದ್ರೆ ಅವನ ಫೋಟೋದಲ್ಲಿ ಮೊದಲೇ ಇರೋ ಮೋಡದ ಬೆಳಕನ್ನ ಭಾಗಿಸಿ ತೆಗೀಬೇಕು, ಇಲ್ಲಾಂದ್ರೆ ಹಳೇ ಬೆಳಕಿನ ಮೇಲೆ ಹೊಸ ಬೆಳಕು ಕೂತು ಹಣೆ, ಭುಜ ಎರಡೆರಡು ಸಲ ಬೆಳಗತ್ತೆ. ಗುಣಾಕಾರ ಆಗಿರೋದ್ರಿಂದ ಚರ್ಮದ ರಂಧ್ರ, ಬಟ್ಟೆ ನೇಯ್ಗೆ ಎಲ್ಲಾ ಹಾಗೇ ಉಳಿಯತ್ತೆ.

ಶರ್ಟುಗಳಿಂದ ಬಂದ ದಿಕ್ಕು ಸುಮಾರು (-0.62, 0.48, 0.62). ಮೈನಸ್ ಅಂದ್ರೆ ಎಡದಿಂದ, ಮೂರನೆಯದು ಪ್ಲಸ್ ಅಂದ್ರೆ ಕ್ಯಾಮೆರಾ ಇರೋ ಕಡೆಯಿಂದ, ನಡುವಿನ 0.48 ಅಂದ್ರೆ ನೆಲದಿಂದ ಹತ್ತತ್ರ 29 ಡಿಗ್ರಿ ಎತ್ತರ. ಇದನ್ನ ಚೆಕ್ ಮಾಡೋಕೆ ಜಗಲಿ ಕಂಬ ಇತ್ತು, ಅದರ ನೆರಳು ಕಂಬದ ಎತ್ತರದ ಎರಡರಷ್ಟು ಉದ್ದ, ಅಂದ್ರೆ ಸೂರ್ಯ ಸುಮಾರು 27 ಡಿಗ್ರಿ. ಎರಡು ಡಿಗ್ರಿ ಜಾಸ್ತಿ ಬಂದಿದ್ದು ಸಹಜ, ಶರ್ಟು ಸೂರ್ಯನ ಜೊತೆ ಆಕಾಶದ ಬೆಳಕನ್ನೂ ಕುಡಿದಿರತ್ತೆ. ಇಲ್ಲಿ ಇನ್ನೊಂದು ಪುಕ್ಕಟೆ ಲಾಭ ಇದೆ, ನಡುವಿನ ಅಂಕಿ ಮೈನಸ್ ಬಂದ್ರೆ ಸೂರ್ಯ ನೆಲದೊಳಗಿಂದ ಬರ್ತಿದಾನೆ ಅಂತಾಯ್ತು, ಅಂದ್ರೆ ಆ ಮಾಡೆಲ್ ಹಸಿರು ಚಾನೆಲ್ ಉಲ್ಟಾ ಕೊಟ್ಟಿದೆ. ಓಪನ್‌ಜಿಎಲ್ ಪದ್ಧತಿ, ಡೈರೆಕ್ಟ್‌ಎಕ್ಸ್ ಪದ್ಧತಿ ಅಂತ ಎರಡಿವೆ, ಹಸಿರು ಒಂದಕ್ಕೊಂದು ತಿರುಗಾ ಮುರುಗಾ. ಸ್ಲೈಡರ್ ತಿರುಗಿಸೋರಿಗೆ ಇದು ಗೊತ್ತೇ ಆಗಲ್ಲ, ಗದ್ದದ ಕೆಳಗೆ ಬಿಸಿಲು ಬಿದ್ದು ದೆವ್ವದ ಥರ ಕಂಡಾಗಲೇ ಗೊತ್ತಾಗೋದು.

ಬಣ್ಣದ ಅಂಕಿಗಳೂ ಮಾತಾಡ್ತವೆ. ದಿಕ್ಕಿನ ಭಾಗದಲ್ಲಿ ಕೆಂಪು ಜಾಸ್ತಿ, ಎಲ್ಲಾ ಕಡೆಯ ಬೆಳಕಿನ ಭಾಗದಲ್ಲಿ ನೀಲಿ ಜಾಸ್ತಿ, ಬಿಸಿಲು ಬೆಚ್ಚಗೆ ನೆರಳು ತಣ್ಣಗೆ ಅಂತ ಕಣ್ಣಿಗೆ ಕಾಣೋದೇ ಅದು. ಕೆಂಪು ಚಾನೆಲಲ್ಲಿ ಮಾತ್ರ ಮೇಲಿನ ದಿಕ್ಕಿನ ಜೋರು ಕಮ್ಮಿ ಬಂತು, ಕಾರಣ ಅಂಗಳದ ಕೆಂಪು ಮಣ್ಣು ಕೆಳಗಿಂದ ಬೆಳಕು ವಾಪಸ್ ಎಸೀತಿದೆ. ಗದ್ದದ ಅಡಿಗೆ ಆ ಕೆಂಪು ತಾನಾಗೇ ಬಂದು ಕೂತಾಗ ನನಗೇ ಖುಷಿ ಆಯ್ತು, ಕೈಯಲ್ಲಿ ಬಣ್ಣ ಬಳಿಯೋಕೆ ಹೋಗಿದ್ರೆ ಅದು ಹೊಳೀತಾನೇ ಇರಲಿಲ್ಲ.

ಆದ್ರೆ ಈ ನಾಲ್ಕು ಅಂಕಿಯ ಬೆಳಕು ಸ್ವಲ್ಪ ಸಾಧು. ಬಿಸಿಲಿಗೆ ಬೆನ್ನು ಮಾಡಿದ ಜಾಗಕ್ಕೆ ಸೂರ್ಯನ ಬೆಳಕು ಸೊನ್ನೆ ಆಗಬೇಕು, ಈ ಲೆಕ್ಕದಲ್ಲಿ ಅದು ಮೆಲ್ಲಗೆ ಇಳೀತಾ ಹೋಗತ್ತೆ, ಬಲಗೆನ್ನೆಯ ನೆರಳಿಗೆ ಬೇಕಾದ ಗಡಿ ಬರಲ್ಲ. 2001ರಲ್ಲಿ ಗ್ರಾಫಿಕ್ಸ್ ಸಂಶೋಧಕರಾದ ರಾಮಮೂರ್ತಿ ಮತ್ತು ಹನ್ರಹಾನ್ ಒಂಬತ್ತು ಅಂಕಿ ಇದ್ರೆ ಇಂಥ ಮ್ಯಾಟ್ ಮೇಲ್ಮೈನ ಬೆಳಕನ್ನ ಸರಾಸರಿ ಶೇಕಡಾ 1ರ ತಪ್ಪಲ್ಲಿ ಹಿಡೀಬಹುದು ಅಂತ ತೋರಿಸಿದಾರೆ, ಆದ್ರೆ ಶರ್ಟುಗಳೆಲ್ಲ ಕ್ಯಾಮೆರಾ ಕಡೆ ನೋಡ್ತಾ ಇರೋದ್ರಿಂದ ಒಂಬತ್ತು ಅಂಕಿಗೆ ಬೇಕಾದಷ್ಟು ದಿಕ್ಕುಗಳ ಸಾಕ್ಷಿನೇ ಇರಲ್ಲ, ಕಾಣದ ಕಡೆಗೆ ಲೆಕ್ಕ ಹುಚ್ಚುಚ್ಚಾಗಿ ಹಾರತ್ತೆ. ನಾನು ಮಾಡಿದ್ದು ಮಧ್ಯದ ದಾರಿ: ನಾಲ್ಕು ಅಂಕಿಯಿಂದ ದಿಕ್ಕು ಮಾತ್ರ ತಗೊಂಡು, ಎತ್ತರನ ಕಂಬದ 27 ಡಿಗ್ರಿಗೆ ಇಳಿಸಿ, ಅದೇ ಶರ್ಟ್ ಪಿಕ್ಸೆಲ್‌ಗಳ ಮೇಲೆ ಮೂರು ಕಾಲಂ ಇಟ್ಟು ಇನ್ನೊಮ್ಮೆ ಫಿಟ್ ಮಾಡ್ದೆ, ಒಂದು ಬರೀ `1`, ಒಂದು ಆಕಾಶ-ನೆಲಕ್ಕೆ ನಾರ್ಮಲ್‌ನ `y`, ಒಂದು ಸೂರ್ಯನಿಗೆ `max(0, N·L)`, ಇಲ್ಲಿ `L` ಅಂದ್ರೆ ಆ ಸೂರ್ಯನ ದಿಕ್ಕು. `shade(N, k_new)` ಜಾಗದಲ್ಲಿ ಈ ಫಿಟ್ ಕೊಟ್ಟ ಬೆಳಕನ್ನ ಹಾಕಿದ ಮೇಲೆ ಮೂಗಿನ ಬಲಭಾಗ, ಕೆನ್ನೆ, ಕುರ್ತಾ ಬಲಗಡೆ ಎಲ್ಲಾ ಚಿಕ್ಕಪ್ಪನ ಥರಾನೇ ತಿರುಗಿತು.

ಇಷ್ಟಾದ್ರೂ ಇದು ಮೇಲ್ಮೈ ತಿರುಗಿದ್ದರಿಂದ ಬರೋ ನೆರಳು ಮಾತ್ರ. ಒಂದು ವಸ್ತು ಅಡ್ಡ ಬಂದು ಇನ್ನೊಂದರ ಮೇಲೆ ಬೀಳೋ ನೆರಳು ನಾರ್ಮಲ್ ಮ್ಯಾಪ್‌ಗೆ ಗೊತ್ತಿಲ್ಲ. ಫೋಟೋದಲ್ಲಿ ನೋಡಿದ್ರೆ ಚಿಕ್ಕಪ್ಪ ಮೊಮ್ಮಗನ ಎಡಗಡೆಗೆ ಅರ್ಧ ಹೆಜ್ಜೆ ಮುಂದೆ ನಿಂತಿದ್ರು, ಅವರ ನೆರಳು ಇವನ ತೋಳಿನ ಮೇಲೆ ಬೀಳಲೇಬೇಕು, ಅಲ್ಲಿ ಡೆಪ್ತ್ ಬೇಕಾಯ್ತು. ಡೆಪ್ತ್ ಎನಿಥಿಂಗ್‌ನ ಮಾಮೂಲಿ ಮಾಡೆಲ್ ಕೊಡೋದು ಮೀಟರ್ ಅಲ್ಲ, ಹತ್ತಿರ ಇದ್ರೆ ದೊಡ್ಡ ಅಂಕಿ ದೂರ ಇದ್ರೆ ಚಿಕ್ಕದು ಅನ್ನೋ ತಲೆಕೆಳಗಾದ ಅಳತೆ. ಗೊತ್ತಿರೋ ಎರಡು ದೂರ ಇದ್ರೆ `1/Z = s·d + t` ಅಂತ ಸರಿ ಮಾಡ್ಕೋಬಹುದು, `Z` ನಿಜವಾದ ದೂರ, `d` ಮ್ಯಾಪಿನ ಅಂಕಿ. ಫೋಟೋ ತೆಗೆದವರನ್ನ ಕೇಳ್ದೆ, ಕುರ್ಚಿ ಸಾಲು ಸುಮಾರು 3 ಮೀಟರ್, ಹಿಂದಿನ ಗೋಡೆ 7. ಮ್ಯಾಪಲ್ಲಿ ಕುರ್ಚಿಗೆ 0.85, ಗೋಡೆಗೆ 0.30 ಇತ್ತು. ಹಾಗಾದ್ರೆ s ಸುಮಾರು 0.346, t 0.039, ನಿಂತವರ ಸಾಲಿನ 0.55ಕ್ಕೆ ದೂರ 4.4 ಮೀಟರ್ ಹತ್ರ. ಮೊಮ್ಮಗನ ಡೆಪ್ತ್ ಬೇರೆ ಫೋಟೋದ್ದು, ಅದರ ಅಳತೆ ಇದಕ್ಕೆ ಸೇರಲ್ಲ, ಅದಕ್ಕೆ ಅವನನ್ನ ಅಂಟಿಸಿದ ಮೇಲೆ ಇಡೀ ಚಿತ್ರದ ಡೆಪ್ತ್ ಮತ್ತೆ ತೆಗೆಸಿದೆ.

ಇದನ್ನ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಮೆಶ್ ಮಾಡಿ ಅದೇ ದಿಕ್ಕಿಗೆ ಸನ್ ಲೈಟ್ ಇಟ್ಟು ಬರೀ ನೆರಳಿನ ಪಾಸ್ ತೆಗೆದೆ. ಒಂದು ತೊಂದರೆ ಬರತ್ತೆ, ಚಿಕ್ಕಪ್ಪನ ಅಂಚಿಂದ ಹಿಂದಿನ ಗೋಡೆವರೆಗೂ ಮೆಶ್ ರಬ್ಬರ್ ಥರ ಎಳ್ಕೊಂಡು ನಿಲ್ಲತ್ತೆ, ಅದರ ನೆರಳು ಗೋಡೆ ಕಟ್ಟಿದಂಗೆ ಬೀಳತ್ತೆ, ಡೆಪ್ತ್ ಒಮ್ಮೆಲೇ ಜಿಗಿಯೋ ಜಾಗದ ಫೇಸ್‌ಗಳನ್ನೆಲ್ಲ ಡಿಲೀಟ್ ಮಾಡಬೇಕು. ಉಳಿಯೋದು ಎದುರಿನ ಸಿಪ್ಪೆ ಮಾತ್ರ, ಸೂರ್ಯ ಕ್ಯಾಮೆರಾ ಕಡೆ ಇದ್ದಿದ್ದಕ್ಕೆ ನಡೀತು, ಹಿಂದಿನಿಂದ ಬಿಸಿಲಿದ್ರೆ ಈ ದಾರಿ ಹಿಡೀಬೇಡಿ. ನೆರಳಿನ ಗಾಢತೆನ ಊಹಿಸಲಿಲ್ಲ, ಮೂರು ಕಾಲಂ ಫಿಟ್ಟಲ್ಲಿ ಸೂರ್ಯನ ಕಾಲಂ ತೆಗೆದುಹಾಕಿದ್ರೆ ಎಷ್ಟು ಬೆಳಕು ಉಳಿಯತ್ತೋ ಅಷ್ಟು. ಗದ್ದದಿಂದ ಕತ್ತಿಗೆ ಬೀಳೋ ನೆರಳು ಈ ಡೆಪ್ತಿನ ಕೈಗೆ ಸಿಗಲ್ಲ, ಅದನ್ನ ಪಕ್ಕದವರನ್ನ ನೋಡ್ಕೊಂಡು ಬ್ರಷ್ಷಲ್ಲೇ ಹಾಕ್ದೆ. ಪಾದದ ತಲೆನೋವು ಇರಲಿಲ್ಲ, ಕುರ್ಚಿ ಹಿಂದೆ ಮುಚ್ಚಿಹೋಗಿತ್ತು.

ಕೂದಲು ಬೇರೆ ಕಥೆ. ನಾರ್ಮಲ್ ಮ್ಯಾಪಲ್ಲಿ ಅದು ನುಣ್ಣನೆ ಗುಂಡು, ಪೂರ್ತಿ ಹಾಕಿದ್ರೆ ಹೆಲ್ಮೆಟ್ ಇಟ್ಟಂಗೆ ಮಿಂಚತ್ತೆ, ಕೂದಲ ಮಾಸ್ಕ್ ಮೇಲೆ ಅರ್ಧಕ್ಕೆ ಇಳಿಸಿದೆ. ಮೈಯ ಅಂಚಲ್ಲಿ ನಾರ್ಮಲ್‌ಗೆ ಹಿನ್ನೆಲೆ ಬೆರೆತು ಎರಡು ಮೂರು ಪಿಕ್ಸೆಲ್ ಬಿಳಿ ಗೆರೆ ಬರತ್ತೆ, ನಾರ್ಮಲ್‌ನ ಒಳಗಿಂದ ಹೊರಕ್ಕೆ ಸ್ವಲ್ಪ ಹಿಗ್ಗಿಸಿ ಆಮೇಲೆ ಮಾಸ್ಕ್ ಹಾಕಿದ್ರೆ ಹೋಗತ್ತೆ. ಕೊನೆಗೆ ಗ್ರೇನ್, ಶಾರ್ಪ್‌ನೆಸ್ ಮ್ಯಾಚ್ ಮಾಡಿದ್ದು, ಅದು ಎಲ್ಲರಿಗೂ ಗೊತ್ತಿರೋದೇ.

ಈಗ ಇಂಥ ಕೆಲಸ ಬಂದ್ರೆ ಮೊದಲೇ ಹೇಳಿಬಿಡ್ತೀನಿ: ಸೇರಿಸೋರ ಫೋಟೋ ಮೋಡದಲ್ಲೋ ಮನೆ ನೆರಳಲ್ಲೋ ತೆಗೀರಿ, ಫ್ಲ್ಯಾಶ್ ಬೇಡ, ಹಣೆ ಒರೆಸ್ಕೊಳ್ಳಿ, ಒಂದೇ ಬಣ್ಣದ ತಿಳಿ ಬಟ್ಟೆ ಹಾಕ್ಕೊಳ್ಳಿ, ಕ್ಯಾಮೆರಾ ಗ್ರೂಪ್ ಫೋಟೋದಷ್ಟೇ ಎತ್ತರ, ಅಷ್ಟೇ ದೂರದಲ್ಲಿರಲಿ. ಫ್ಲ್ಯಾಶ್ ಹೊಳಪು ಸುಟ್ಟ ಜಾಗದಲ್ಲಿ ಭಾಗಿಸೋಕೆ ಏನೂ ಉಳಿದಿರಲ್ಲ, ನಡು ಮಧ್ಯಾಹ್ನದ ಬಿಸಿಲಲ್ಲಿ ಮೂಗಿನ ನೆರಳು ತುಟಿ ಮೇಲೆ ಬಿದ್ದಿರೋ ಫೋಟೋ ಕೊಟ್ರೆ ನಾನು ಬೇರೆ ಫೋಟೋ ಇದೆಯಾ ಅಂತಲೇ ಕೇಳೋದು.