ಶೇರ್ಡ್ ಡ್ರೈವ್‌ಗೆ ಫೈಲ್ ಸಾಗಿಸುವುದು ಹೇಗೆ?

ಗೂಗಲ್ ವರ್ಕ್‌ಸ್ಪೇಸ್‌ನ ಮೈ ಡ್ರೈವ್‌ನಲ್ಲಿರುವ ಫೈಲ್ ಅದನ್ನು ಹಾಕಿದವರದ್ದು. ಅವರು ಕೆಲಸ ಬಿಟ್ಟ ಮೇಲೆ ಫೈಲ್‌ಗಳನ್ನು ಬೇರೆಯವರಿಗೆ ವರ್ಗಾಯಿಸದೆ ಖಾತೆ ಅಳಿಸಿದರೆ ಎಲ್ಲವೂ ಹೋಗುತ್ತದೆ. ಖಾತೆ ಮರಳಿ ತರಲು ಅಡ್ಮಿನ್‌ಗೆ 20 ದಿನ ಮಾತ್ರ ಅವಕಾಶ. ಶೇರ್ಡ್ ಡ್ರೈವ್‌ನಲ್ಲಿ ಈ ಭಯವಿಲ್ಲ, ಅಲ್ಲಿ ಫೈಲ್ ತಂಡದ್ದು.

ಮೊದಲು ಎಡಗಡೆಯ Shared drives ಒತ್ತಿ ಹೊಸದೊಂದನ್ನು ಮಾಡಿ, ಹೆಸರು ಕೊಡಿ.

ಆಮೇಲೆ ಸದಸ್ಯರನ್ನು ಸೇರಿಸಿ. ಮ್ಯಾನೇಜರ್ ಇಬ್ಬರಿರಲಿ. ಒಬ್ಬರೇ ಇದ್ದು ಅವರೂ ಹೊರಟುಹೋದರೆ ಪ್ರತಿಯೊಂದಕ್ಕೂ ಅಡ್ಮಿನ್ ಹಿಂದೆ ಓಡಬೇಕು. ದಿನಾ ಕೆಲಸ ಮಾಡುವವರಿಗೆ Content manager ಕೊಡಿ. Contributor ಆದವರು ಫೈಲ್ ಹಾಕಬಹುದು, ತಿದ್ದಬಹುದು. ಆದರೆ ಅಲ್ಲಿಂದಿಲ್ಲಿಗೆ ಸರಿಸಲು, ಅಳಿಸಲು ಆಗುವುದಿಲ್ಲ.

ಈಗ ಸಾಗಿಸುವುದು. ಜನ ಎಡವುವುದು ಇಲ್ಲೇ. ಲೆಕ್ಕಪತ್ರದ ಫೋಲ್ಡರ್ ಒಂದನ್ನು ರಮ್ಯಾ ಮಾಡಿದ್ದಾರೆ ಎಂದುಕೊಳ್ಳಿ. ಒಳಗೆ ರಮ್ಯಾ ಹಾಕಿದ ಬಿಲ್‌ಗಳಿವೆ, ಸುರೇಶ್ ಮಾಡಿದ ಶೀಟ್ ಇದೆ. ಫೋಲ್ಡರ್ ರಮ್ಯಾ ಹೆಸರಿನಲ್ಲಿದ್ದರೂ ಶೀಟ್ ಇನ್ನೂ ಸುರೇಶ್ ಅವರದ್ದೇ! ಫೋಲ್ಡರ್ ಹಂಚಿಕೊಂಡ ಮಾತ್ರಕ್ಕೆ ಒಳಗಿನ ಫೈಲ್‌ಗಳ ಮಾಲೀಕರು ಬದಲಾಗುವುದಿಲ್ಲ. ಆದ್ದರಿಂದ ಇಡೀ ಫೋಲ್ಡರ್ ಎಳೆದು ಹಾಕಿ ಮುಗಿಯಿತು ಅಂದುಕೊಳ್ಳಬೇಡಿ. ಶೇರ್ಡ್ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿ. ಇಬ್ಬರೂ ಹಳೆಯ ಫೋಲ್ಡರ್‌ನಲ್ಲಿ ತಮ್ಮ ಫೈಲ್‌ಗಳನ್ನು ಆರಿಸಿ ಅದರೊಳಗೆ ಸರಿಸಲಿ. ತಮ್ಮದು ಯಾವುದು ಎಂದು ಗೊತ್ತಾಗದಿದ್ದರೆ ಹುಡುಕಾಟದಲ್ಲಿ ಹೀಗೆ ಬರೆಯಲಿ:

```
owner:me
```

ಸರಿಸುವಾಗ Move ಆಯ್ಕೆಯನ್ನೇ ಒತ್ತಬೇಕು. ಶಾರ್ಟ್‌ಕಟ್ ಹಾಕಿದರೆ ಫೈಲ್ ಬಂದಂತೆ ಕಾಣುತ್ತದೆ, ಆದರೆ ಬಂದಿರುವುದು ದಾರಿ ಮಾತ್ರ. ಐಕಾನ್ ಮೂಲೆಯಲ್ಲಿ ಸಣ್ಣ ಬಾಣದ ಗುರುತಿದ್ದರೆ ಅದು ಶಾರ್ಟ್‌ಕಟ್. ಮೂಲ ಫೈಲ್ ಅಳಿದ ದಿನ ಅದೂ ಕೆಲಸಕ್ಕೆ ಬಾರದು. 'ಕಾಪಿ ಮಾಡಿ ಹಾಕಿದರೆ ಸುಲಭ ಅಲ್ವಾ?' ಎನ್ನುವವರು ಜಾಸ್ತಿ. ಸುಲಭವೇನೋ ಹೌದು. ಆದರೆ ಕಾಪಿ ಬೇರೆಯೇ ಫೈಲ್. ತಿದ್ದುಪಡಿಗಳ ಇತಿಹಾಸ ಅದರಲ್ಲಿ ಬರುವುದಿಲ್ಲ, ಹಳೆಯ ಲಿಂಕ್ ಹಳೆಯ ಫೈಲ್‌ಗೇ ಹೋಗುತ್ತದೆ. ಅರ್ಧ ತಂಡ ಒಂದರಲ್ಲಿ, ಉಳಿದವರು ಇನ್ನೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಸರಿಸಿದ ಫೈಲ್‌ನ ಲಿಂಕ್ ಮಾತ್ರ ಬದಲಾಗುವುದಿಲ್ಲ.

ಕೊನೆಗೆ ಒಂದೊಂದೇ ಪರೀಕ್ಷಿಸಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ವಿವರ ತೆರೆಯಿರಿ. ಮಾಲೀಕರ ಜಾಗದಲ್ಲಿ ಯಾವುದೇ ಸಹೋದ್ಯೋಗಿಯ ಹೆಸರು ಕಂಡರೆ ಅದು ಇನ್ನೂ ಬಂದಿಲ್ಲ. ಹಳೆಯ ಫೋಲ್ಡರ್ ಖಾಲಿ ಆಗುವವರೆಗೆ ಅದನ್ನು ಅಳಿಸಬೇಡಿ. ಫೋಲ್ಡರ್ ಹಂಚಿದ್ದರಿಂದ ಫೈಲ್ ನೋಡುತ್ತಿದ್ದ ಹೊರಗಿನವರು ಇದ್ದರೆ, ಸಾಗಿಸಿದ ಮೇಲೆ ಅವರಿಗೆ ಫೈಲ್ ತೆರೆಯುತ್ತದೆಯೇ ಎಂದು ಅದೇ ದಿನ ಕೇಳಿ ನೋಡಿ.