ಅಸಿಟಾನಿಲೈಡ್ ರೀಕ್ರಿಸ್ಟಲೈಸೇಶನ್: ರಿಸಲ್ಟ್ ಡಿಸ್ಕಶನ್ ನಾನು ಬರೆದಿದ್ದು ಹೀಗೆ

ರೀಕ್ರಿಸ್ಟಲೈಸೇಶನ್ ರಿಪೋರ್ಟಲ್ಲಿ ಸುಮಾರು ಜನ "ರಿಕವರಿ 75%, ಮೆಲ್ಟಿಂಗ್ ಪಾಯಿಂಟ್ 113–114, ಆದ್ದರಿಂದ ಶುದ್ಧವಾಗಿದೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತಾರೆ. ಈ ಎರಡು ನಂಬರ್ ಹೇಳೋದು ಬೇರೆ ಬೇರೆ ವಿಷಯ. ರಿಕವರಿ ಎಷ್ಟು ಕೈಗೆ ಸಿಕ್ತು ಅಂತ ಹೇಳುತ್ತೆ, ಸಿಕ್ಕಿದ್ದು ಏನು ಅಂತ ಹೇಳೋದು ಮೆಲ್ಟಿಂಗ್ ಪಾಯಿಂಟು. ನಾನು ಡಿಸ್ಕಶನ್ ಬರೆಯೋವಾಗ ಎರಡನ್ನೂ ಮೊದಲು ಬಿಡಿಸಿಟ್ಟು ಆಮೇಲೆ ಜೋಡಿಸಿದೆ.

ನನ್ನ ಲೆಕ್ಕ ಇಷ್ಟು: ಕಂದು ಬಣ್ಣದ ಕ್ರೂಡ್ ಅಸಿಟಾನಿಲೈಡ್ 2.00 ಗ್ರಾಂ, ನೀರು 50 ಎಂಎಲ್, ಸ್ವಲ್ಪ ಚಾರ್ಕೋಲ್ ಹಾಕಿ ಬಿಸಿ ಇದ್ದಾಗಲೇ ಫಿಲ್ಟರ್ ಮಾಡಿ, ಐಸಲ್ಲಿ ತಣ್ಣಗೆ ಮಾಡಿ, ಒಣಗಿಸಿದ ಮೇಲೆ 1.50 ಗ್ರಾಂ ಬಿಳಿ ಹರಳು. ಅಂದ್ರೆ 75%. ಕ್ರೂಡ್ ಕರಗಿದ್ದು 106–111 °C, ಹರಳು ಕರಗಿದ್ದು 113–114 °C, ಪುಸ್ತಕದಲ್ಲಿರೋ ಮೌಲ್ಯ ಸುಮಾರು 114 °C.

ಮೊದಲು ನಾನು ಕೇಳಿಕೊಂಡಿದ್ದು ಆ ಕಾಣೆಯಾದ ಅರ್ಧ ಗ್ರಾಂ ಎಲ್ಲಿ ಹೋಯ್ತು ಅಂತ. ಅಸಿಟಾನಿಲೈಡ್ ಐಸ್‌ನಷ್ಟು ತಣ್ಣಗಿನ ನೀರಲ್ಲೂ 100 ಎಂಎಲ್‌ಗೆ ಸುಮಾರು 0.53 ಗ್ರಾಂ ಕರಗೇ ಇರುತ್ತೆ, ಹಾಗಾಗಿ ಹರಳು ತೆಗೆದ ಮೇಲೆ ಉಳಿಯೋ ದ್ರವ, ಅಂದ್ರೆ 50 ಎಂಎಲ್ ಮದರ್ ಲಿಕ್ಕರ್‌ನಲ್ಲಿ 0.27 ಗ್ರಾಂ ಹತ್ತಿರ ಹೋಗೋದು ಖಚಿತ, ನಾವು ಎಷ್ಟೇ ಜಾಗ್ರತೆ ಮಾಡಿದ್ರೂ. ಉಳಿದ 0.23 ಗ್ರಾಂನಲ್ಲಿ ಕ್ರೂಡಲ್ಲಿದ್ದ ಕಲ್ಮಶವೂ ಸೇರಿದೆ, ಅದು ಹೋಗಲಿ ಅಂತಾನೇ ಅಲ್ವಾ ಇಷ್ಟೆಲ್ಲ ಮಾಡಿದ್ದು, ಜೊತೆಗೆ ಚಾರ್ಕೋಲ್ ಹೀರಿಕೊಂಡಿದ್ದು, ಬಿಸಿ ಫಿಲ್ಟರ್ ಮಾಡೋವಾಗ ಫನಲ್‌ನಲ್ಲೇ ಹರಳಾಗಿ ಕೂತಿದ್ದು, ತೊಳೆದ ನೀರಲ್ಲಿ ಹೋಗಿದ್ದು. "ಹ್ಯಾಂಡ್ಲಿಂಗ್ ಲಾಸ್" ಅಂತ ಸುಮ್ನೆ ಬರೆಯೋದಕ್ಕಿಂತ ಇದು ಎಷ್ಟೋ ವಾಸಿ. ಇದರಿಂದ ಇನ್ನೊಂದು ವಿಷಯವೂ ಸಿಗುತ್ತೆ: 50 ಎಂಎಲ್ ನೀರು ಬಳಸಿದ್ರೆ 2 ಗ್ರಾಂನಲ್ಲಿ 1.73ಕ್ಕಿಂತ ಹೆಚ್ಚು ವಾಪಸ್ ಬರೋ ಹಾಗೇ ಇಲ್ಲ, ಅಂದ್ರೆ ಮೇಲಿನ ಮಿತಿ 87% ಆಸುಪಾಸು.

ಪಕ್ಕದ ಬೆಂಚಿನ ಗೆಳೆಯ ಅಷ್ಟೇ ನೀರು ಬಳಸಿ 1.88 ಗ್ರಾಂ, 94% ಅಂತ ಖುಷಿಯಲ್ಲಿದ್ದ. ಮಿತಿಗಿಂತ ಜಾಸ್ತಿ ಇದೆಯಲ್ಲೋ, ಹರಳು ಒಣಗಿದೆಯಾ ನೋಡು ಅಂದೆ. ಅವನ ಮೆಲ್ಟಿಂಗ್ ರೇಂಜ್ 107–112, ಕ್ಯಾಪಿಲರಿಯಲ್ಲಿ ಪುಡಿ ಕರಗೋಕ್ಕಿಂತ ಮುಂಚೆನೇ ಗೋಡೆಗೆ ತೇವ ಕಾಣಿಸಿ ಕುಗ್ಗೋಕೆ ಶುರು ಮಾಡಿತ್ತು. ತೂಕ ಬದಲಾಗದೇ ಇರೋವರೆಗೂ ಒಣಗಿಸಿದ ಮೇಲೆ 1.61 ಗ್ರಾಂ, 112–114. ಆ ಹೆಚ್ಚುವರಿ ತೂಕ ಬರೀ ನೀರು. ರಿಕವರಿ ಇಳೀತು, ಮೆಲ್ಟಿಂಗ್ ಪಾಯಿಂಟ್ ಸರಿಹೋಯ್ತು. ಹೆಚ್ಚು ರಿಕವರಿ, ಅಗಲದ ರೇಂಜ್ ಎರಡೂ ಒಟ್ಟಿಗೆ ಬಂದ್ರೆ ನೀರನ್ನೋ ಉಳಿದ ಕಲ್ಮಶವನ್ನೋ ಅನುಮಾನಿಸಬೇಕು.

ಮೆಲ್ಟಿಂಗ್ ಪಾಯಿಂಟ್ ಬಗ್ಗೆ ಬರೆಯೋವಾಗ ಎರಡು ಗುಣ ನೋಡಿದೆ: ಎಷ್ಟು ಕೆಳಗಿದೆ, ಎಷ್ಟು ಅಗಲ ಇದೆ. ಕರಗಿದ ವಸ್ತುವಿನಲ್ಲಿ ಬೆರೆಯೋ ಕಲ್ಮಶ ಇದ್ರೆ ಮೊದಲು ಕರಗಿದ ದ್ರವದಲ್ಲಿ ಅದೇ ಜಾಸ್ತಿ ಸೇರಿಕೊಂಡು ಕರಗೋ ಉಷ್ಣತೆ ಇಳಿಸುತ್ತೆ, ಉಳಿದ ಘನ ಕರಗ್ತಾ ಹೋದ ಹಾಗೆ ದ್ರವದಲ್ಲಿ ಕಲ್ಮಶದ ಪಾಲು ಕಮ್ಮಿಯಾಗಿ ಉಷ್ಣತೆ ಮೇಲೇರುತ್ತೆ, ಅದಕ್ಕೇ ಕ್ರೂಡ್ 5 ಡಿಗ್ರಿ ಎಳೀತು, ಹರಳು 1 ಡಿಗ್ರಿಯಲ್ಲಿ ಮುಗೀತು. ರೇಂಜ್ ಕಿರಿದಾಗಿದ್ದು ಆದ್ರೆ ಪೂರ್ತಿ 2 ಡಿಗ್ರಿ ಕೆಳಗಿದ್ರೆ ಥರ್ಮಾಮೀಟರ್ ಮೇಲೂ ಸಂಶಯ ಪಡಿ, ಗೊತ್ತಿರೋ ಶುದ್ಧ ವಸ್ತು ಇಟ್ಟು ಚೆಕ್ ಮಾಡಿ. ಕರಗೋ ಹತ್ತಿರ ನಿಮಿಷಕ್ಕೆ 1–2 ಡಿಗ್ರಿಗಿಂತ ಬೇಗ ಕಾಯಿಸಿದ್ರೆ ಶುದ್ಧ ಸ್ಯಾಂಪಲ್ಲೂ ಅಗಲ ತೋರಿಸುತ್ತೆ, ಹಾಗಾಗಿ ಕಾಯಿಸಿದ ವೇಗವನ್ನೂ ರಿಪೋರ್ಟಲ್ಲಿ ಬರೆದೆ.

ಕೊನೆಗೆ ಡಿಸ್ಕಶನ್‌ನಲ್ಲಿ ಇಳಿದಿದ್ದು ಇದು:

"ಕ್ರೂಡ್‌ನ 5 °C ರೇಂಜ್ 1 °Cಗೆ ಇಳಿದು ಪುಸ್ತಕದಲ್ಲಿರುವ ಮೌಲ್ಯಕ್ಕೆ ಹತ್ತಿರವಾಗಿರುವುದರಿಂದ ಕರಗುವ ಕಲ್ಮಶ ಬಹುಪಾಲು ಹೋಗಿದೆ ಎನ್ನಬಹುದು. 75% ರಿಕವರಿ ಶುದ್ಧತೆಯ ಅಳತೆಯಲ್ಲ. ನಷ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಣ್ಣನೆಯ ನೀರಿನಲ್ಲಿ ಉಳಿದ ಅಸಿಟಾನಿಲೈಡ್‌ನಿಂದಲೇ ಆಗಿದೆ."

"ಬಹುಪಾಲು" ಅನ್ನೋದನ್ನ ಬೇಕಂತಲೇ ಹಾಕಿದ್ದು. ಚಾರ್ಕೋಲ್ ಪುಡಿ, ಫಿಲ್ಟರ್ ಪೇಪರ್ ನಾರು ಇಂಥವು ಕರಗಿದ ವಸ್ತುವಿನಲ್ಲಿ ಬೆರೆಯಲ್ಲ, ಮೆಲ್ಟಿಂಗ್ ಪಾಯಿಂಟ್ ಇಳಿಸೋದೂ ಇಲ್ಲ. ಹರಳು ಬೂದು ಬಣ್ಣದ್ದಾಗಿದ್ದು 113–114ರಲ್ಲೇ ಕರಗಿದ್ರೆ ಅದನ್ನ ಕಣ್ಣಲ್ಲಿ ನೋಡಿಯೇ ಹೇಳಬೇಕು, ಹಾಗಾಗಿ ಹರಳಿನ ಬಣ್ಣಕ್ಕೂ ಒಂದು ಸಾಲು ಸೇರಿಸಿದೆ.