ಬಿಪಿ ಮಾತ್ರೆ ದಿನಕ್ಕೊಂದು, ಆಂಟಿಬಯೋಟಿಕ್ ಮೂರು: ಕವರ್ ಹಿಂದೆ ನಾನು ಬರೆಯುವ ಲೆಕ್ಕ

ಮಂಡ್ಯದಲ್ಲಿ ಮೆಡಿಕಲ್ ಸ್ಟೋರ್ ಕೌಂಟರಿನಲ್ಲಿ ನಿಲ್ಲುವವರಿಗೆ ಈ ಚೀಟಿ ಹೊಸದಲ್ಲ: ಆಮ್ಲೋಡಿಪಿನ್ 5 ಮಿ.ಗ್ರಾಂ, 1-0-0. ಅಮಾಕ್ಸಿಸಿಲಿನ್ 500 ಮಿ.ಗ್ರಾಂ, 1-1-1, ಐದು ದಿನ. ಹಿಂದೆಯೇ ಪ್ರಶ್ನೆ: "ಮಧ್ಯಾಹ್ನ ಆಲೆಮನೇಲಿರ್ತೀನಿ ಸಾರ್, ಮೂರನ್ನೂ ಬೆಳಿಗ್ಗೇನೇ ನುಂಗ್ಬಿಟ್ರೆ ಆಗಲ್ವಾ?" ಆಗಲ್ಲ ಅಂದರೆ ಸಾಲದು. ಯಾಕೆಂದು ತಿಳಿಯದಿದ್ದರೆ ಮಧ್ಯಾಹ್ನದ್ದು ಸ್ಟ್ರಿಪ್ಪಿನಲ್ಲೇ ಉಳಿಯುತ್ತದೆ. ಅದಕ್ಕೇ ಮಾತ್ರೆ ಕವರಿನ ಹಿಂಬದಿಗೆ ಲೆಕ್ಕ ಬರೆದು ತೋರಿಸುತ್ತೇನೆ.

ರಕ್ತದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತೇ ಅದರ ಅರ್ಧಾಯು. ಅಮಾಕ್ಸಿಸಿಲಿನ್‌ಗೆ ಅದು ಸುಮಾರು ಒಂದು ಗಂಟೆ. ಹೆಚ್ಚಿನ ಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. 500 ಎಂದು ಬರೆದು ಗಂಟೆಗೊಮ್ಮೆ ಅರ್ಧ ಮಾಡುತ್ತಾ ಹೋಗಿ: 250, 125, 63, 31... ಎಂಟನೇ ಗಂಟೆಗೆ ಉಳಿಯುವುದು ಬರೀ 2. ಈಗ ಎರಡು ಕ್ಯಾಪ್ಸೂಲ್ ಒಟ್ಟಿಗೆ ನುಂಗಿದರು ಅನ್ನಿ. 1000 ಇದ್ದದ್ದು ಒಂದು ಗಂಟೆಯಲ್ಲಿ 500 ಆಯಿತು, ಅಲ್ಲಿಂದ ಮುಂದೆ ಅದೇ ಇಳಿಜಾರು. ಎರಡರಷ್ಟು ನುಂಗಿ ಸಿಕ್ಕಿದ್ದು ಒಂದೇ ಒಂದು ಗಂಟೆ. ಮೂರೂ ಒಟ್ಟಿಗೆ ನುಂಗಿದರೂ ಒಂದೂವರೆ ಗಂಟೆಯ ಮೇಲೆ ಚಿಲ್ಲರೆ ಅಷ್ಟೆ. ಈ ಜಾತಿಯ ಔಷಧಿ ರೋಗಾಣುವನ್ನು ಕೊಲ್ಲುವುದು ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದಲ್ಲ, ಬೇಕಾದ ಮಟ್ಟದ ಮೇಲೆ ಎಷ್ಟು ಹೊತ್ತು ನಿಂತಿತು ಎಂಬುದರಿಂದ. ಇಪ್ಪತ್ನಾಲ್ಕು ಗಂಟೆಯೂ ನಿಲ್ಲಬೇಕಿಲ್ಲ, ದಿನದ ಅರ್ಧಕ್ಕೆ ಹತ್ತಿರ ಹತ್ತಿರವಾದರೂ ನಿಲ್ಲಬೇಕು.

ಇಲ್ಲಿ ಇನ್ನೊಂದು ಎಡವಟ್ಟು ಆಗುವುದು 1-1-1 ಎಂಬ ಬರಹದಿಂದಲೇ. ಅದನ್ನು ಮೂರು ಊಟ ಎಂದೇ ಎಲ್ಲರೂ ಓದಿಕೊಳ್ಳುತ್ತಾರೆ. ಬೆಳಿಗ್ಗೆ 8, ಮಧ್ಯಾಹ್ನ 1, ರಾತ್ರಿ 8 ಎಂದಾದರೆ ನಡುವಿನ ಅಂತರ 5, 7, 12 ಗಂಟೆ. ರಾತ್ರಿಯ ಬಹುಪಾಲು ಔಷಧಿಯೇ ಇರುವುದಿಲ್ಲ. ನಾನು ಕವರ್ ಮೇಲೆ 6-2-10 ಎಂದು ಬರೆಯುತ್ತೇನೆ. ಡೈರಿಗೆ ಹಾಲು ಹಾಕಲು ಹೊರಡುವಾಗ ಒಂದು, ಮಧ್ಯಾಹ್ನ ಎರಡಕ್ಕೆ ಒಂದು, ಮಲಗುವಾಗ ಒಂದು. ಊಟದ ಹಂಗು ಇದಕ್ಕಿಲ್ಲ, ಹಾಗಾಗಿ ಆಲೆಮನೆಗೆ ಜೇಬಿನಲ್ಲಿ ಒಯ್ದರೂ ಸರಿ. ಕಿಡ್ನಿ ತೊಂದರೆ ಇದೆ ಎಂದರೆ ಮಾತ್ರ ಡಾಕ್ಟರಿಗೆ ಮತ್ತೊಮ್ಮೆ ಕೇಳಿಸುತ್ತೇನೆ. ಅಂಥವರಲ್ಲಿ ಅರ್ಧಾಯು ಉದ್ದವಾಗುತ್ತದೆ.

ಆಮ್ಲೋಡಿಪಿನ್ ಲೆಕ್ಕವೇ ಬೇರೆ. ಅದರ ಅರ್ಧಾಯು 30ರಿಂದ 50 ಗಂಟೆ. 40 ಎಂದಿಟ್ಟುಕೊಂಡರೆ, ಒಂದು ದಿನ ಕಳೆದ ಮೇಲೂ ಮೂರರಲ್ಲಿ ಎರಡು ಪಾಲು ಒಳಗೇ ಇರುತ್ತದೆ. ಮೊದಲ ದಿನದ 5, ಮರುದಿನ 3.3 ಆಗಿ ಉಳಿದಿರುವಾಗಲೇ ಹೊಸ 5 ಸೇರುತ್ತದೆ: 8.3. ಮೂರನೇ ದಿನ 10.5, ನಾಲ್ಕನೇ ದಿನ 12 ಸುಮಾರು. ಏರಿಕೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ, ವಾರದ ಹೊತ್ತಿಗೆ 14ರ ಆಸುಪಾಸು ನಿಲ್ಲುತ್ತದೆ. ಆಮೇಲೆ ದಿನಕ್ಕೆ ಹಾಕಿದಷ್ಟೇ ದಿನಕ್ಕೆ ಖಾಲಿ. (ಹೀರಿಕೆಯ ನಷ್ಟ ಬಿಟ್ಟು ಮಾಡಿದ ಒರಟು ಲೆಕ್ಕ ಇದು. ಏರುವ ರೀತಿ ಮಾತ್ರ ಹೀಗೇ.)

ಮೂರನೇ ದಿನಕ್ಕೇ "ಬಿಪಿ ಇಳಿದಿಲ್ಲ" ಎಂದು ತಾವಾಗಿ ಎರಡೆರಡು ನುಂಗುವವರು ಎಡವುವುದು ಇಲ್ಲೇ. ತೊಟ್ಟಿ ಇನ್ನೂ ತುಂಬಿರುವುದಿಲ್ಲ. ಎರಡೆರಡು ಹಾಕಿದ್ದು ಗೊತ್ತಾಗುವುದು ವಾರದ ಮೇಲೆ, ಹರಡು ಊದಿಕೊಂಡು ಚಪ್ಪಲಿ ಬಿಗಿಯಾದಾಗ. ಒಂದು ದಿನ ಮರೆತರೂ ಇದೇ ಲೆಕ್ಕ ಧೈರ್ಯ ಕೊಡುತ್ತದೆ: ತುಂಬಿದ್ದ 14ರಲ್ಲಿ ಎರಡು ದಿನದ ಕೊನೆಗೂ 6 ಉಳಿದಿರುತ್ತದೆ. ಮರುದಿನ ಒಂದೇ ತಗೊಳ್ಳಿ, ಎರಡು ಬೇಡ.

ಹಾಗಂತ ಅರ್ಧಾಯು ಒಂದರಿಂದಲೇ ಅಂತರ ಹೇಳಲಾಗದು. ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್‌ದೂ ಒಂದು ಗಂಟೆಯೇ, ಆದರೂ ದಿನಕ್ಕೊಂದು ಸಾಕು. ಅದು ಹೊಟ್ಟೆಯ ಆಮ್ಲದ ಪಂಪುಗಳಿಗೆ ಬಿಡದಂತೆ ಅಂಟಿಕೊಂಡು ಕೆಡಿಸಿ ಹೋಗುತ್ತದೆ. ದೇಹ ಹೊಸ ಪಂಪು ಕಟ್ಟುವವರೆಗೂ ಪರಿಣಾಮ ಇರುತ್ತದೆ, ರಕ್ತದಲ್ಲಿ ಔಷಧಿ ಇರಲಿ ಬಿಡಲಿ. ಪಂಪು ಎಚ್ಚರಗೊಳ್ಳುವುದು ಊಟಕ್ಕೆ, ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು.

ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನಲ್ಲಿ ದಾರಿ ಇನ್ನೊಂದು. ಹೊರಹೋಗುವ ವೇಗ ಬದಲಿಸಲಾಗದು, ಒಳಬರುವ ವೇಗ ತಗ್ಗಿಸಬಹುದು. ಹೆಸರಿನ ಮುಂದೆ ಎಸ್‌ಆರ್ ಎಂದಿದ್ದರೆ ಮಾತ್ರೆ ನೀರು ಕುಡಿದು ಅಂಟಾಗಿ ಊದಿ, ಔಷಧಿಯನ್ನು ಗಂಟೆಗಟ್ಟಲೆ ಜಿನುಗಿಸುತ್ತದೆ. ದೊಡ್ಡದಾಯಿತೆಂದು ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಲೇ ಹೊಟ್ಟೆಗಿಳಿಯುತ್ತದೆ, ವಾಕರಿಕೆ, ಭೇದಿ ಶುರು. ಕೆಲವರು ಮಲದಲ್ಲಿ ಮಾತ್ರೆ ಕಂಡು "ಕರಗೇ ಇಲ್ಲ" ಎಂದು ಗಾಬರಿಯಿಂದ ಬರುತ್ತಾರೆ. ಅದು ಔಷಧಿ ಜಿನುಗಿ ಮುಗಿದ ಖಾಲಿ ಸಿಪ್ಪೆ. ಇನ್ನೊಂದು ಮಾತ್ರೆ ನುಂಗಬೇಕಿಲ್ಲ.